ಕಟ್ಟು ಕಟ್ಟಿದ ಮೇಲೆ ಹಣ: ಕಾರ್ಡಿನ ಹೋಲ್ಡ್ ಮತ್ತು ಕ್ಯಾಪ್ಚರ್ ಬಗ್ಗೆ

(ಬದಿಯಡ್ಕದಲ್ಲಿ, ಮನೆಯಲ್ಲೇ ತಿಂಡಿ ತಿನಿಸು ಮಾಡಿ ಆನ್‌ಲೈನ್‌ನಲ್ಲಿ ಮಾರುವವರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೆರ್ಲದ ನಮ್ಮ ಮನೆಯ ಸುತ್ತಮುತ್ತ ಏಳೆಂಟು ಮನೆಯವರು ಸೇರಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್ ಮಾಡುತ್ತಾರೆ. ಜೊತೆಗೆ ಸ್ವಲ್ಪ ಕಾಸರಗೋಡು ಸೀರೆಯನ್ನೂ ತಂದು ಮಾರುತ್ತೇವೆ. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಹಪ್ಪಳ ಒತ್ತುವುದು ನನಗೆ ಬರುವುದಿಲ್ಲ. ಆದರೆ ಹಪ್ಪಳದ ದುಡ್ಡು ಗಿರಾಕಿಯ ಕಾರ್ಡಿನಿಂದ ನಮ್ಮ ಖಾತೆಗೆ ಬರುವ ದಾರಿ ಈಗ ಚೆನ್ನಾಗಿ ಗೊತ್ತು. ಅದು ಗೊತ್ತಾಗಿದ್ದು ಎರಡು ಸಲ ಪೆಟ್ಟು ತಿಂದ ಮೇಲೆ.

ಮೊದಲ ಪೆಟ್ಟು ವಿಷುವಿನ ಮುಂಚೆ ಬಿತ್ತು. ಶಾರ್ಜಾದಲ್ಲಿರುವ ನಮ್ಮ ಊರಿನವರೊಬ್ಬರು ಕುಂಬಳೆಯ ತಮ್ಮ ತಾಯಿಗೆ ಅಂತ ಒಂದು ಸೀರೆ ಆರ್ಡರ್ ಮಾಡಿದರು. ₹3,200. ಅಲ್ಲಿನ ಕಾರ್ಡಿನಲ್ಲಿ ಹಣ ಕೊಟ್ಟರು, ಹಣ ಕೂಡಲೇ ಬಂತು. ಆದರೆ ಆ ಸೀರೆ ಆ ದಿನ ಮಧ್ಯಾಹ್ನವೇ ಮನೆಗೆ ಬಂದವರೊಬ್ಬರಿಗೆ ಹೋಗಿಬಿಟ್ಟಿತ್ತು. ವೆಬ್‌ಸೈಟಿನಲ್ಲಿ ಮಾತ್ರ ಇನ್ನೂ ಒಂದು ಇದೆ ಅಂತ ತೋರಿಸುತ್ತಿತ್ತು. ನಾವು ಕ್ಷಮೆ ಕೇಳಿ ಪೂರ್ತಿ ₹3,200 ರಿಫಂಡ್ ಮಾಡಿದೆವು. ಒಂದು ವಾರ ಬಿಟ್ಟು ಅವರು ಫೋನ್ ಮಾಡಿ, "ನನಗೆ ಆರು ದಿರ್ಹಂ ಕಡಿಮೆ ಬಂದಿದೆ ಮಾರಾಯ್ರೇ" ಅಂದರು. ನಾವು ಒಂದು ಪೈಸೆಯೂ ಹಿಡಿದಿರಲಿಲ್ಲ. ಅವರ ಬ್ಯಾಂಕ್ ಹಣ ಕತ್ತರಿಸುವ ದಿನ ರೂಪಾಯಿಗೆ ಒಂದು ದರ ಹಾಕಿತ್ತು, ವಾಪಸ್ ಹಾಕುವ ದಿನ ಇನ್ನೊಂದು. ಹೊರದೇಶದ ವ್ಯವಹಾರ ಅಂತ ತೆಗೆದುಕೊಂಡ ಶುಲ್ಕವೂ ತಿರುಗಿ ಬರಲಿಲ್ಲ. ಇತ್ತ ನಮಗೂ ನಷ್ಟ. ಗಿರಾಕಿಯ ಕಾರ್ಡಿನ ಹಣವನ್ನು ನಮಗೆ ತಲುಪಿಸುವ ಕಂಪನಿಯಾದ ಗೇಟ್‌ವೇ ತನ್ನ ಕಮಿಷನ್ ಹಿಡಿದುಕೊಂಡೇ ಇತ್ತು. ರಿಫಂಡ್ ಆದರೂ ಅದನ್ನು ಕೊಡುವುದಿಲ್ಲ ಅಂತ ಒಪ್ಪಂದದಲ್ಲೇ ಬರೆದಿತ್ತು.

ಕುಂಬಳೆಗೆ ಸೀರೆ ಹೋಗಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಆದರೂ ಇಬ್ಬರ ಕೈಯಿಂದಲೂ ದುಡ್ಡು ಹೋಯಿತು. ನಾವು ಮಾಡಿದ ತಪ್ಪು ಒಂದೇ: ವಸ್ತು ಕೈಯಲ್ಲಿದೆಯಾ ಅಂತ ನೋಡುವ ಮೊದಲೇ ಹಣ ತೆಗೆದುಕೊಂಡೆವು. ಹಣವನ್ನು ಸುಮ್ನೆ ಹಿಡಿದಿಟ್ಟು, ಪಾರ್ಸೆಲ್ ಹೊರಡುವ ದಿನ ಮಾತ್ರ ತೆಗೆದುಕೊಳ್ಳುವ ಕ್ರಮ ಒಂದಿದೆ. ಅದಕ್ಕೆ ಪ್ರಿ-ಆಥರೈಸೇಶನ್ ಅನ್ನುತ್ತಾರೆ. ನಾನು ಇವತ್ತು ಹೋಲ್ಡ್ ಅಂತಲೇ ಹೇಳುತ್ತೇನೆ.

ಗಿರಾಕಿ ಕಾರ್ಡ್ ನಂಬರ್ ಹಾಕಿ, ಓಟಿಪಿ ಕೊಟ್ಟು, ಹಣ ಕೊಡುವ ಬಟನ್ ಒತ್ತುತ್ತಾರೆ. ನಮ್ಮ ಗೇಟ್‌ವೇಯಿಂದ ಒಂದು ಕೇಳಿಕೆ ನಮ್ಮ ಕಡೆಯ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕ್ ಕಾರ್ಡ್ ಸರಿ ಇದೆಯಾ, ಲಿಮಿಟ್ ಇದೆಯಾ ಅಂತ ನೋಡುತ್ತದೆ. ಎಲ್ಲ ಸರಿಯಿದ್ದರೆ ಆರು ಅಕ್ಷರದ ಒಂದು ಒಪ್ಪಿಗೆ ಕೋಡ್ ಕಳಿಸಿ, ಅಷ್ಟು ಮೊತ್ತವನ್ನು ಬದಿಗೆ ಇಡುತ್ತದೆ. ಇಲ್ಲಿವರೆಗೆ ಒಂದು ರೂಪಾಯಿಯೂ ಅಲ್ಲಿಂದ ಇಲ್ಲಿಗೆ ಬಂದಿಲ್ಲ. ಹಣ ಚಲಿಸುವುದು ಎರಡನೆಯ ಹೆಜ್ಜೆಯಲ್ಲಿ. ಆ ಒಪ್ಪಿಗೆ ಕೋಡಿನ ಮೇಲೆ "ಈಗ ಹಣ ಕೊಡಿ" ಅಂತ ನಾವು ಕೇಳಬೇಕು. ಅದೇ ಕ್ಯಾಪ್ಚರ್. ಬಟನ್ ಒತ್ತಿದ ಕೂಡಲೇ ಹಣ ಬರುವ ಹಾಗೆ ಕಾಣುವ ಅಂಗಡಿಗಳಲ್ಲೂ ಈ ಎರಡು ಹೆಜ್ಜೆ ಇರುತ್ತವೆ. ಗೇಟ್‌ವೇ ಎರಡನ್ನೂ ಒಟ್ಟಿಗೆ ಮಾಡಿಬಿಡುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಷೇರಿನ ಐಪಿಓಗೆ ಅರ್ಜಿ ಹಾಕಿದವರು ಇಲ್ಲಿ ಇದ್ದೀರಿ, ಅಲ್ವಾ? ಅಲ್ಲಿ ಅರ್ಜಿ ಹಾಕಿದ ದಿನ ಹಣ ನಮ್ಮ ಖಾತೆಯಲ್ಲೇ ಇರುತ್ತದೆ, ಆದರೆ ಬ್ಲಾಕ್ ಆಗಿರುತ್ತದೆ. ಷೇರು ಸಿಕ್ಕಿದರೆ ಕಟ್ ಆಗುತ್ತದೆ. ಸಿಗದಿದ್ದರೆ ಬ್ಲಾಕ್ ಬಿಟ್ಟು ಹೋಗುತ್ತದೆ, ರಿಫಂಡ್ ಅನ್ನುವ ಮಾತೇ ಬರುವುದಿಲ್ಲ. 2008ರಲ್ಲಿ ಸೆಬಿ ತಂದ ಆ ಎಎಸ್‌ಬಿಎ ಕ್ರಮದ ಹಾಗೆಯೇ ಕಾರ್ಡಿನ ಹೋಲ್ಡ್ ಕೂಡ. ಶಾರ್ಜಾದವರ ಸೀರೆಯ ಹಣವನ್ನು ಹೀಗೆ ಹಿಡಿದಿಟ್ಟಿದ್ದರೆ, ಸೀರೆ ಇಲ್ಲ ಅಂತ ಗೊತ್ತಾದ ಕೂಡಲೇ ಹೋಲ್ಡ್ ಬಿಡಿಸಿದ್ದರೆ ಸಾಕಿತ್ತು. ಲೆಕ್ಕಕ್ಕೇ ಏರದ ಹಣಕ್ಕೆ ಎರಡು ದರದ ತಕರಾರು ಬರುತ್ತಿರಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಗಿರಾಕಿಯ ಕ್ರೆಡಿಟ್ ಕಾರ್ಡಿನ ಲಿಮಿಟ್ ₹50,000 ಅಂತ ಇಟ್ಟುಕೊಳ್ಳಿ. ನಾವು ₹1,600 ಹೋಲ್ಡ್ ಮಾಡಿದೆವು. ಅವರಿಗೆ ಬಳಸಲು ಉಳಿಯುವುದು ₹48,400. ಆದರೆ ಅವರ ಬಿಲ್ಲಿಗೆ ಆ ₹1,600 ಇನ್ನೂ ಸೇರಿಲ್ಲ. ನಾವು ಕ್ಯಾಪ್ಚರ್ ಮಾಡಿದರೆ ಮಾತ್ರ ಸೇರುತ್ತದೆ. ಬಿಡಿಸಿದರೆ ಲಿಮಿಟ್ ಮತ್ತೆ ₹50,000 ಆಗುತ್ತದೆ, ಬಿಲ್ಲಿನಲ್ಲಿ ಆ ಸಾಲು ಬರುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇದರಲ್ಲಿ ನಾನೇ ಎಡವಿದ್ದೇನೆ. ಗೇಟ್‌ವೇಯ ಪರದೆಯಲ್ಲಿ `authorized` ಅಂತ ಕಂಡರೆ ಹೋಲ್ಡ್ ಆಗಿದೆ ಅಂತ ನಂಬಬೇಡಿ. ನಮ್ಮ ದೇಶದಲ್ಲಿ ಆ ಪದಕ್ಕೆ ಎರಡು ಅರ್ಥ ನಡೆಯುತ್ತದೆ. ಒಂದು, ನಾನು ಈಗ ಹೇಳಿದ ನಿಜವಾದ ಹೋಲ್ಡ್. ಇನ್ನೊಂದರಲ್ಲಿ ಗಿರಾಕಿಯ ಖಾತೆಯಿಂದ ಹಣ ಆಗಲೇ ಹೋಗಿರುತ್ತದೆ, ನಮಗೆ ಮಾತ್ರ ಬಂದಿರುವುದಿಲ್ಲ, ನಡುವೆ ನಿಂತಿರುತ್ತದೆ. ನೆಟ್ ಬ್ಯಾಂಕಿಂಗ್, ಮಾಮೂಲಿ ಯುಪಿಐ, ಎಷ್ಟೋ ಡೆಬಿಟ್ ಕಾರ್ಡುಗಳಲ್ಲಿ ಆಗುವುದು ಹೀಗೆಯೇ. ಅಲ್ಲಿ ನಾವು ಕ್ಯಾಪ್ಚರ್ ಮಾಡದೆ ಬಿಟ್ಟರೆ ಗೇಟ್‌ವೇ ಅದನ್ನು ರಿಫಂಡ್ ಮಾಡುತ್ತದೆ. ಗಿರಾಕಿ ದಿನಗಟ್ಟಲೆ ಕಾಯುತ್ತಾರೆ. ಹೆಸರು ಒಂದೇ, ಆದರೆ ಗಿರಾಕಿಯ ಜೇಬಿಗೆ ಆಗುವುದು ಬೇರೆ.

ಯಾವುದು ಅಂತ ತಿಳಿಯುವುದು ಹೇಗೆ? ಗೇಟ್‌ವೇಯವರನ್ನು ಕೇಳಬಹುದು, ಆದರೆ ನಾನು ಕೈಯಾರೆ ನೋಡಿಯೇ ನಂಬುತ್ತೇನೆ. ನಿಮ್ಮದೇ ಕ್ರೆಡಿಟ್ ಕಾರ್ಡಿನಿಂದ ನಿಮ್ಮದೇ ಅಂಗಡಿಯಲ್ಲಿ ₹10ರ ಒಂದು ಆರ್ಡರ್ ಹಾಕಿ. ಕ್ಯಾಪ್ಚರ್ ಮಾಡಬೇಡಿ. ಮರುದಿನ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ನಂತರ ಗೇಟ್‌ವೇಯಲ್ಲಿ ಆ ಹೋಲ್ಡನ್ನು ಬಿಡಿಸಿ. ನಾಲ್ಕೈದು ದಿನದ ಮೇಲೆ ಮತ್ತೆ ನೋಡಿ. ಆ ಹತ್ತು ರೂಪಾಯಿಯ ಸಾಲು ಸುಮ್ನೆ ಮಾಯವಾಗಿದ್ದರೆ ಅದು ಹೋಲ್ಡ್. ₹10 ಹೋಗಿದ್ದು ಒಂದು ಸಾಲು, ₹10 ಬಂದಿದ್ದು ಇನ್ನೊಂದು ಸಾಲು ಅಂತ ಎರಡು ಕಂಡರೆ ಅದು ಕತ್ತರಿಸಿ ಕೊಟ್ಟ ಹಣ. ಡೆಬಿಟ್ ಕಾರ್ಡಿನಲ್ಲೂ ಇದನ್ನೇ ಒಮ್ಮೆ ಮಾಡಿ ನೋಡಿ. ಎರಡರಲ್ಲಿ ಬೇರೆ ಬೇರೆ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಎದುರಿನ ಸಾಲಿನಲ್ಲಿದ್ದ ಒಬ್ಬ ಟೀಚರಕ್ಕ ಇಲ್ಲಿ ಕೈ ಎತ್ತಿದರು. "ಹೋಲ್ಡ್ ಆದರೂ ಬ್ಯಾಂಕಿನಿಂದ ಹಣ ಹೋಯಿತು ಅಂತ ಮೆಸೇಜ್ ಬರುತ್ತದಲ್ಲ? ಗಿರಾಕಿ ಹೆದರುವುದಿಲ್ವಾ?"

ಬರುತ್ತದೆ ಅಕ್ಕ. ಬ್ಯಾಂಕುಗಳು ಒಪ್ಪಿಗೆ ಕೊಟ್ಟ ಕ್ಷಣದಲ್ಲೇ ಮೆಸೇಜ್ ಕಳಿಸುತ್ತವೆ, ₹1,600 ಖರ್ಚಾಗಿದೆ ಅಂತಲೇ ಬರೆದಿರುತ್ತದೆ. ಮೆಸೇಜ್ ನೋಡಿದವರಿಗೆ ಹೋಲ್ಡಿಗೂ ಕಡಿತಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ನಾವು ಆರ್ಡರ್ ಖಾತ್ರಿಯ ಮೆಸೇಜಿನಲ್ಲೇ ಬಿಡಿಸಿ ಬರೆಯುತ್ತೇವೆ: "ನಿಮ್ಮ ಕಾರ್ಡಿನಲ್ಲಿ ₹1,600 ತಡೆದು ಇಟ್ಟಿದ್ದೇವೆ. ಪಾರ್ಸೆಲ್ ಹೊರಡುವ ದಿನ ಮಾತ್ರ ತೆಗೆದುಕೊಳ್ಳುತ್ತೇವೆ. ಯಾವುದಾದರೂ ವಸ್ತು ಇಲ್ಲದಿದ್ದರೆ ಅದರ ಹಣ ತೆಗೆದುಕೊಳ್ಳುವುದಿಲ್ಲ." ಈ ಮೂರು ವಾಕ್ಯ ಸೇರಿಸಿದ ಮೇಲೆ ಹಣದ ಬಗ್ಗೆ ಕೇಳುವ ಫೋನ್ ತುಂಬಾ ಕಡಿಮೆಯಾಯಿತು.

ಈಗ ಎರಡನೆಯ ಪೆಟ್ಟಿನ ಕಥೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದಿದ್ದು ಇದನ್ನೇ.

ಶಾರ್ಜಾದ ಘಟನೆ ಆದ ಮೇಲೆ ನಾವು ಹೋಲ್ಡಿಗೆ ಬದಲಾಯಿಸಿದೆವು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಜೂನ್ ಬಂತು. ಮಳೆ ಹಿಡಿದ ಮೊದಲ ವಾರ ನಿಮಗೆಲ್ಲ ಗೊತ್ತಲ್ಲ, ಹಪ್ಪಳ ಮೆತ್ತಗಾಗುತ್ತದೆ. ಮೆತ್ತಗಾದ ಹಪ್ಪಳವನ್ನು ಕಟ್ಟಿ ಕಳಿಸಿದರೆ ತಲುಪುವಾಗ ಬೂಸು ಹಿಡಿದಿರುತ್ತದೆ. ಮತ್ತೆ ಬಿಸಿಲಿಗೆ ಹಾಕೋಣ ಅಂದರೆ ಬಿಸಿಲೇ ಇಲ್ಲ. ಮಂಗಳವಾರ ರಾತ್ರಿ ಬಂದ ನಾಲ್ಕು ಆರ್ಡರ್ ಹಾಗೇ ಕಾದವು. ಭಾನುವಾರ ಬಿಸಿಲು ಬಂತು. ಚಿಕ್ಕಮ್ಮ ಒಣಗಿಸಿ, ಸೋಮವಾರ ಬೆಳಿಗ್ಗೆ ಕಟ್ಟು ಕಟ್ಟಿ, ಸಂಜೆ ನಾಲ್ಕಕ್ಕೆ ಬಂದ ಕೊರಿಯರ್ ಹುಡುಗನ ಕೈಗೆ ಕೊಟ್ಟರು. ಮಂಗಳವಾರ ಪ್ರಿಂಟ್ ಮಾಡಿದ ಚೀಟಿಯಲ್ಲಿ "ಹಣ ಆಗಿದೆ" ಅಂತ ಇತ್ತು. ಅವರು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ.

ರಾತ್ರಿ ನಾನು ಕ್ಯಾಪ್ಚರ್ ಮಾಡಲು ಕೂತೆ. ನಾಲ್ಕೂ ವಿಫಲ. ನಮ್ಮ ಗೇಟ್‌ವೇಯಲ್ಲಿ ಹೋಲ್ಡಿನ ಅವಧಿ 5 ದಿನ ಅಂತ ಇತ್ತು. ಮಂಗಳವಾರ ರಾತ್ರಿ ಒಂಬತ್ತಕ್ಕೆ ಹಿಡಿದ ಹಣ ಭಾನುವಾರ ರಾತ್ರಿ ಒಂಬತ್ತಕ್ಕೆ ತಾನೇ ಬಿಟ್ಟುಹೋಗಿತ್ತು. ಪಾರ್ಸೆಲ್ ಆಗಲೇ ದಾರಿಯಲ್ಲಿತ್ತು. ಹಣ ಇರಲಿಲ್ಲ.

ಹೋಲ್ಡ್ ಅನ್ನುವುದು ಕಾಲಮಿತಿಯ ಒಪ್ಪಿಗೆ. ಆನ್‌ಲೈನ್ ಕಾರ್ಡ್ ವ್ಯವಹಾರದಲ್ಲಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸು ಸಿಗುತ್ತದೆ. ಮಾಸ್ಟರ್‌ಕಾರ್ಡ್ ಪ್ರಿ-ಆಥರೈಸೇಶನ್ ಅಂತಲೇ ಗುರುತು ಹಾಕಿದ್ದಕ್ಕೆ 30 ದಿನ ಕೊಡುತ್ತದೆ, ಅಂತಿಮ ಮೊತ್ತದ ಮಾಮೂಲಿ ಆಥರೈಸೇಶನ್ನಿಗೆ 7 ದಿನ. ಆದರೆ ಗೇಟ್‌ವೇಗಳು ತಮ್ಮದೇ ಗಡುವು ಇಟ್ಟುಕೊಂಡಿರುತ್ತವೆ, ಅದು ಇನ್ನೂ ಕಡಿಮೆ ಇರಬಹುದು. ನಿಮಗೆ ಲೆಕ್ಕಕ್ಕೆ ಬರುವುದು ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಅವಧಿ ಮೀರಿದ ಒಪ್ಪಿಗೆಯ ಮೇಲೆ ಹೇಗೋ ಹಣ ಬಂದರೂ ಅದು ನಿಮ್ಮದಾಗಿ ಉಳಿಯುತ್ತದೆ ಅನ್ನುವಂತಿಲ್ಲ. ತಡವಾಗಿ ಕೇಳಿದ ಹಣ ಅಂತ ಕಾರ್ಡ್ ಕೊಟ್ಟ ಬ್ಯಾಂಕ್ ತಕರಾರು ಎತ್ತಬಹುದು. ವೀಸಾದ ತಕರಾರಿನ ಪಟ್ಟಿಯಲ್ಲಿ ಅದಕ್ಕೆ ಒಂದು ನಂಬರೇ ಇದೆ.

ಬೇರೆ ಕೆಲವು ದೇಶಗಳಲ್ಲಿ ಇದು ಇಷ್ಟು ದೊಡ್ಡ ತೊಂದರೆ ಆಗುವುದಿಲ್ಲ. ಹೋಲ್ಡ್ ಬಿಟ್ಟುಹೋದರೆ, ಗಿರಾಕಿ ಮೊದಲೇ ಒಪ್ಪಿ ಉಳಿಸಿಕೊಟ್ಟ ಕಾರ್ಡಿನ ಮೇಲೆ ಅಂಗಡಿಯವರೇ ಇನ್ನೊಮ್ಮೆ ಹೋಲ್ಡ್ ಕೇಳುತ್ತಾರೆ. ಅಲ್ಲಿನ ಪುಸ್ತಕ, ವಿಡಿಯೋ ನೋಡಿ ಕಲಿತವರು "ಅವಧಿ ಮುಗಿದರೆ ಮತ್ತೊಮ್ಮೆ ಆಥರೈಸ್ ಮಾಡಿ" ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮಲ್ಲಿ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ 2009ರಿಂದ ರಿಸರ್ವ್ ಬ್ಯಾಂಕ್ ಎರಡನೆಯ ದೃಢೀಕರಣ ಕಡ್ಡಾಯ ಮಾಡಿದೆ. ನಮ್ಮ ಕೈಯಲ್ಲಿ ಅದು ಓಟಿಪಿಯ ರೂಪದಲ್ಲಿದೆ. ಹಳೆಯ ಹೋಲ್ಡಿನ ಮೇಲೆ ಕ್ಯಾಪ್ಚರ್ ಮಾಡಲು ಓಟಿಪಿ ಬೇಡ, ಅದನ್ನು ಗಿರಾಕಿ ಮೊದಲೇ ಕೊಟ್ಟಾಗಿದೆ. ಹೊಸ ಹೋಲ್ಡ್ ಅಂದರೆ ಹೊಸ ಓಟಿಪಿ. ಗಿರಾಕಿ ಮತ್ತೆ ಫೋನ್ ಹಿಡಿದು ಕೂತು ಒತ್ತಲೇಬೇಕು.

ಹಾಗಾಗಿ ನಾನು ನಾಲ್ಕು ಜನರಿಗೆ ಫೋನ್ ಮಾಡಿದೆ. "ನಿಮ್ಮ ಹಣ ನಮಗೆ ಬಂದಿಲ್ಲ, ಇನ್ನೊಮ್ಮೆ ಕೊಡಬೇಕು" ಅಂತ ಹೇಳುವುದು ಕಷ್ಟ. ಅವರ ಮೊಬೈಲಿನಲ್ಲಿ ಹಣ ಹೋದ ಮೆಸೇಜ್ ಇದೆ. ಮೈಸೂರಿನ ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವವರಾದ್ದರಿಂದ ತಾವೇ ಆ್ಯಪ್ ತೆರೆದು ನೋಡಿ ಅರ್ಥ ಮಾಡಿಕೊಂಡರು. ಇನ್ನಿಬ್ಬರು ಎರಡು ದಿನ ತೆಗೆದುಕೊಂಡು, ನಂಬಿಕೆಯ ಮೇಲೆ ಕೊಟ್ಟರು. ನಾಲ್ಕನೆಯವರು ಫೋನ್ ಎತ್ತಲಿಲ್ಲ. ಆ ₹940 ಬರಲಿಲ್ಲ. ಅವರಿಗೆ ಮೋಸದ ಕರೆ ಅಂತ ಅನ್ನಿಸಿರಬಹುದು, ಅವರನ್ನು ದೂರುವ ಹಾಗಿಲ್ಲ. ಈಗ ಅಂಥ ಕರೆಗಳು ಎಷ್ಟು ಬರುತ್ತವೆ ನೋಡಿ.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಒಂದು, ಕ್ಯಾಪ್ಚರ್ ಆಗದ ಪಾರ್ಸೆಲ್ ಕೊರಿಯರ್ ಕೈಗೆ ಹೋಗುವುದಿಲ್ಲ. ಮೊದಲು ನಾವು ಪಾರ್ಸೆಲ್ ಹೋದ ಮೇಲೆ ರಾತ್ರಿ ಕ್ಯಾಪ್ಚರ್ ಮಾಡುತ್ತಿದ್ದೆವು. ಕಳಿಸಿದ ಮೇಲೆ ಹಣ ಅನ್ನುವ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದಿದ್ದೆ. ಈಗ ಕಟ್ಟು ಕಟ್ಟಿ, ತೂಕ ಹಾಕಿ, ವಿಳಾಸದ ಚೀಟಿ ಪ್ರಿಂಟ್ ಮಾಡುವ ಕ್ಷಣದಲ್ಲಿ ಕ್ಯಾಪ್ಚರ್ ಆಗುತ್ತದೆ. ಕ್ಯಾಪ್ಚರ್ ಗೆದ್ದರೆ ಮಾತ್ರ ಚೀಟಿ ಪ್ರಿಂಟ್ ಆಗುತ್ತದೆ. ಸೋತರೆ ಚೀಟಿಯೇ ಬರುವುದಿಲ್ಲ, ಕಟ್ಟು ಮೇಜಿನ ಮೇಲೆಯೇ ಉಳಿಯುತ್ತದೆ. ಚಿಕ್ಕಮ್ಮ ಪರದೆ ಓದಬೇಕಾಗಿಲ್ಲ, ಚೀಟಿ ಇಲ್ಲದ ಕಟ್ಟನ್ನು ಕೊಡಬಾರದು ಅಂತ ಗೊತ್ತಿದ್ದರೆ ಸಾಕು. ಕ್ಯಾಪ್ಚರಿಗೂ ಕೊರಿಯರ್ ಬರುವುದಕ್ಕೂ ನಡುವೆ ಕೆಲವೇ ಗಂಟೆ ಇರುವುದರಿಂದ ಗಿರಾಕಿಗೆ ಕೊಟ್ಟ ಮಾತೂ ಉಳಿಯುತ್ತದೆ.

ಎರಡು, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವಧಿ ಮುಗಿಯಲು ಹತ್ತಿರ ಬಂದ ಹೋಲ್ಡುಗಳ ಪಟ್ಟಿ ನಮ್ಮ ವಾಟ್ಸಾಪ್ ಗುಂಪಿಗೆ ಬರುತ್ತದೆ. ಅದರ ಹಿಂದೆ ಇರುವುದು ಇಷ್ಟೇ:

```sql
SELECT order_id, amount, expires_at
FROM payments
WHERE status = 'authorized'
  AND expires_at < now() + interval '36 hours'
ORDER BY expires_at;
```

36 ಗಂಟೆ ಯಾಕೆ? ಕೊರಿಯರ್ ದಿನಕ್ಕೆ ಒಂದೇ ಸಲ, ಸಂಜೆ ನಾಲ್ಕಕ್ಕೆ ಬರುತ್ತದೆ. ಇವತ್ತು ಬೆಳಿಗ್ಗೆ ಒಂಬತ್ತರಿಂದ ನಾಳೆ ಸಂಜೆ ನಾಲ್ಕರವರೆಗೆ 31 ಗಂಟೆ. ಇವತ್ತಿನ ಗಾಡಿ ತಪ್ಪಿದರೂ ನಾಳೆಯ ಗಾಡಿಯವರೆಗೆ ಹೋಲ್ಡ್ ಉಳಿಯುತ್ತದಾ ಅನ್ನುವುದು ಪ್ರಶ್ನೆ. ಉಳಿಯದಿದ್ದರೆ ಅದು ಇವತ್ತೇ ಹೋಗಬೇಕು. ಸ್ವಲ್ಪ ಜಾಸ್ತಿ ಇರಲಿ ಅಂತ 36 ಇಟ್ಟೆ. ಆದರೆ ಭಾನುವಾರ ಗಾಡಿ ಇಲ್ಲ. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸೋಮವಾರ ಸಂಜೆ ನಾಲ್ಕಕ್ಕೆ 55 ಗಂಟೆ ಆಗುತ್ತದೆ. ಹಾಗಾಗಿ ಶನಿವಾರ ಮಾತ್ರ 60 ಹಾಕುತ್ತೇನೆ. ಓಣಂನಂಥ ರಜೆ ಸಾಲಾಗಿ ಬಂದಾಗ ಕೈಯಲ್ಲೇ ಬದಲಾಯಿಸುತ್ತೇನೆ. ನಿಮ್ಮಲ್ಲಿ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದರ ಮೇಲೆ ನಿಮ್ಮ ನಂಬರ್ ಲೆಕ್ಕ ಹಾಕಿ, ನನ್ನದನ್ನು ತೆಗೆದುಕೊಳ್ಳಬೇಡಿ. ಹೋಲ್ಡ್ ಮುಗಿಯುವ ಹೊತ್ತು ಹೇಳುವ `expires_at` ಕೂಡ ಆರ್ಡರ್ ಬಂದ ಹೊತ್ತಿನಿಂದ ಅಲ್ಲ, ಬ್ಯಾಂಕ್ ಒಪ್ಪಿಗೆ ಕೊಟ್ಟ ಹೊತ್ತಿನಿಂದ ಎಣಿಸಬೇಕು.

ಪಟ್ಟಿಯಲ್ಲಿ ಬಂದ ಆರ್ಡರ್ ಇವತ್ತು ಹೋಗಲು ಸಾಧ್ಯವೇ ಇಲ್ಲದಿದ್ದರೆ, ಮಳೆಯ ವಾರದಲ್ಲಿ ಆದ ಹಾಗೆ, ನಾವೇ ಮುಂದಾಗಿ ಹೋಲ್ಡ್ ಬಿಡಿಸಿ ಗಿರಾಕಿಗೆ ಹೇಳುತ್ತೇವೆ. ಹಪ್ಪಳ ಒಣಗಿದ ಮೇಲೆ ಲಿಂಕ್ ಕಳಿಸುತ್ತೇವೆ ಅಂತ. ತಾನೇ ಬಿಟ್ಟುಹೋಗಲಿ ಅಂತ ಬಿಡಬಾರದು. ನಾವು ಬಿಡಿಸಿದರೆ ಗಿರಾಕಿಯ ಬ್ಯಾಂಕಿಗೆ ಕೂಡಲೇ ಸುದ್ದಿ ಹೋಗುತ್ತದೆ. ಆಗಲೂ ಕೆಲವು ಬ್ಯಾಂಕುಗಳು ಲಿಮಿಟ್ ಸರಿಮಾಡಲು ನಾಲ್ಕಾರು ದಿನ ತೆಗೆದುಕೊಳ್ಳುತ್ತವೆ. ಸುದ್ದಿಯೇ ಹೋಗದಿದ್ದರೆ ಬ್ಯಾಂಕ್ ತನ್ನದೇ ಗಡುವಿನವರೆಗೆ ಹಿಡಿದುಕೊಂಡೇ ಇರುತ್ತದೆ. ಗಿರಾಕಿಗೆ ವಸ್ತುವೂ ಇಲ್ಲ, ಲಿಮಿಟ್ಟೂ ಇಲ್ಲ.

ಈಗ ಒಂದು ಆರ್ಡರನ್ನು ಮೊದಲಿಂದ ಕೊನೆಯವರೆಗೆ ನೋಡೋಣ.

ಬೆಂಗಳೂರಿನಿಂದ ಸೋಮವಾರ ರಾತ್ರಿ ಎಂಟಕ್ಕೆ ಆರ್ಡರ್ ಬಂತು. ಹಪ್ಪಳ ನಾಲ್ಕು ಕಟ್ಟು, ತಲಾ ₹160ರಂತೆ ₹640. ಮಿಡಿ ಉಪ್ಪಿನಕಾಯಿ ಎರಡು ಬಾಟಲಿ, ತಲಾ ₹280ರಂತೆ ₹560. ಪುನರ್ಪುಳಿ ಸಿರಪ್ ಒಂದು, ₹250. ಕೊರಿಯರ್ ₹150. ಒಟ್ಟು ₹1,600 ಹೋಲ್ಡ್ ಆಯಿತು. ಬುಧವಾರ ಕಟ್ಟುವಾಗ ಒಂದು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಸೋರುತ್ತಿತ್ತು. ಅದೇ ಕೊನೆಯದು, ಬೇರೆ ಇಲ್ಲ. ಗಿರಾಕಿಗೆ ಕೇಳಿದೆವು, "ಉಳಿದದ್ದು ಕಳಿಸಿ" ಅಂದರು. 1,600ರಲ್ಲಿ 280 ಕಳೆದು ₹1,320 ಮಾತ್ರ ಕ್ಯಾಪ್ಚರ್ ಮಾಡಿದೆವು. ಉಳಿದ ₹280 ತಾನಾಗಿ ಬಿಡುಗಡೆ ಆಯಿತು. ಅವರ ಬಿಲ್ಲಿನಲ್ಲಿ ಬಂದದ್ದು ₹1,320ರ ಒಂದೇ ಸಾಲು. ಸ್ಟ್ರೈಪ್ ಅನ್ನುವ ಗೇಟ್‌ವೇಯ ಕ್ರಮದಲ್ಲಿ ಬರೆದರೆ ಆ ಕೇಳಿಕೆ ಹೀಗಿರುತ್ತದೆ:

```
curl https://api.stripe.com/v1/payment_intents/$PI/capture \
  -u "$SECRET_KEY:" \
  -H "Idempotency-Key: order-2417-capture" \
  -d amount_to_capture=132000
```

ಮೊತ್ತ ಪೈಸೆಯಲ್ಲಿದೆ, ₹1,320 ಅಂದರೆ 132000. ಇದು ನಡೆಯಬೇಕಾದರೆ ಆರ್ಡರ್ ಮಾಡುವಾಗಲೇ `capture_method=manual` ಅಂತ ಹೇಳಿರಬೇಕು. ಆಗ ಹೋಲ್ಡ್ ಆದ ಹಣದ ಸ್ಥಿತಿ `requires_capture` ಅಂತ ಕಾಣುತ್ತದೆ. ಬೇರೆ ಗೇಟ್‌ವೇಗಳಲ್ಲಿ ಹೆಸರು ಬೇರೆ.

ನಡುವೆ ಇರುವ `Idempotency-Key` ಸಾಲನ್ನು ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೇಗೆ ಅಂತ ಗೊತ್ತಲ್ಲ. ಕೇಳಿಕೆ ಹೋಗಿರುತ್ತದೆ, ಉತ್ತರ ಬರುವ ಮೊದಲು ಕರೆಂಟು ಹೋಗುತ್ತದೆ. ಚಿಕ್ಕಮ್ಮ ಮತ್ತೆ ಬಟನ್ ಒತ್ತುತ್ತಾರೆ. ಆ ಸಾಲಿನಲ್ಲಿ ಆರ್ಡರಿನ ನಂಬರ್ ಇದ್ದರೆ ಎರಡನೆಯ ಸಲ ಗೇಟ್‌ವೇ ಹೊಸ ಕೆಲಸ ಮಾಡುವುದಿಲ್ಲ, ಮೊದಲ ಸಲದ ಉತ್ತರವನ್ನೇ ತಿರುಗಿ ಕೊಡುತ್ತದೆ. ಇಲ್ಲದಿದ್ದರೆ ಎರಡನೆಯ ಕೇಳಿಕೆಗೆ ತಪ್ಪು ಅಂತ ಉತ್ತರ ಬರುತ್ತದೆ. ಹಣ ಬಂದಿದ್ದರೂ ನಮ್ಮ ಪರದೆಯಲ್ಲಿ ಸೋತಿದೆ ಅಂತ ಕಾಣುತ್ತದೆ. ನಮ್ಮ ಕ್ರಮದಲ್ಲಿ ಆಗ ಚೀಟಿ ಪ್ರಿಂಟ್ ಆಗುವುದಿಲ್ಲ. ಹಣ ತೆಗೆದುಕೊಂಡ ಕಟ್ಟು ಮೇಜಿನ ಮೇಲೆ ಉಳಿದುಬಿಡುತ್ತದೆ.

ಇದೇ ಆರ್ಡರ್ ಪೂರ್ತಿ ರದ್ದಾಗಿದ್ದರೆ? ನಮ್ಮ ಒಪ್ಪಂದದಲ್ಲಿ ಗೇಟ್‌ವೇ ಕಮಿಷನ್ 2%, ಅದರ ಮೇಲೆ 18% ಜಿಎಸ್‌ಟಿ. ಹಣ ತೆಗೆದುಕೊಂಡು ರಿಫಂಡ್ ಮಾಡಿದರೆ ₹1,600ಕ್ಕೆ ₹32, ಮೇಲೆ ₹5.76, ಒಟ್ಟು ₹37.76 ಹೋಗುತ್ತಿತ್ತು. ಹೋಲ್ಡ್ ಬಿಡಿಸಿದ್ದಕ್ಕೆ ನಮ್ಮಲ್ಲಿ ಏನೂ ಇಲ್ಲ. ನಿಮ್ಮ ಒಪ್ಪಂದದಲ್ಲಿ ಈ ಸಾಲನ್ನು ಓದಿ ನೋಡಿ.

ಕಡಿಮೆ ಮೊತ್ತದ ಕ್ಯಾಪ್ಚರಿಗೆ ಒಂದು ಮಿತಿ ಇದೆ. ಸಾಮಾನ್ಯವಾಗಿ ಒಂದು ಹೋಲ್ಡಿನ ಮೇಲೆ ಒಂದೇ ಸಲ ಕ್ಯಾಪ್ಚರ್. ₹1,320 ತೆಗೆದುಕೊಂಡ ಕ್ಷಣ ಉಳಿದ ₹280 ಕೈ ಬಿಟ್ಟು ಹೋಯಿತು. ಮುಂದಿನ ವಾರ ಹೊಸ ಬಾಟಲಿ ಸಿಕ್ಕಿತು ಅಂತ ಅದೇ ಹೋಲ್ಡಿನಿಂದ ತೆಗೆದುಕೊಳ್ಳಲು ಆಗುವುದಿಲ್ಲ. ಒಂದೇ ಹೋಲ್ಡಿನ ಮೇಲೆ ಹಲವು ಕ್ಯಾಪ್ಚರ್ ಮಾಡಲು ಬಿಡುವ ಗೇಟ್‌ವೇಗಳಿವೆ, ಆದರೆ ಅದನ್ನು ಪ್ರತ್ಯೇಕ ಕೇಳಿ ಪಡೆಯಬೇಕು. ಇನ್ನು ಕೆಲವು ಗೇಟ್‌ವೇಗಳು ಹಿಡಿದ ಪೂರ್ತಿ ಮೊತ್ತವನ್ನೇ ಕ್ಯಾಪ್ಚರ್ ಮಾಡಬೇಕು ಅನ್ನುತ್ತವೆ. ಅಲ್ಲಿ ₹1,600 ತೆಗೆದುಕೊಂಡು ₹280 ರಿಫಂಡ್ ಮಾಡುವುದೇ ದಾರಿ. ಗೇಟ್‌ವೇ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ನೇಕಾರರ ಕಡೆಯ ಒಬ್ಬರು ಅಣ್ಣ ಕೇಳಿದರು: "ನಾವು ಆರ್ಡರ್ ಬಂದ ಮೇಲೆ ನೇಯುವುದು. ಹನ್ನೆರಡು ದಿನ ಬೇಕು. ನಮಗೆ ಇದು ಆಗುತ್ತದಾ?"

ಆಗುವುದಿಲ್ಲ ಅಣ್ಣ. ಮಗ್ಗದ ಮೇಲಿರುವ ಸೀರೆಗೆ ಹೋಲ್ಡ್ ಹಾಕಬೇಡಿ. ಅವಧಿ ಸೀರೆಗಿಂತ ಮೊದಲು ಮುಗಿಯುತ್ತದೆ. ನಾವು ಅಂಥ ಸೀರೆಗೆ ಎರಡು ಭಾಗ ಮಾಡಿದ್ದೇವೆ. ನೂಲಿನ ಖರ್ಚಿನಷ್ಟು ಮುಂಗಡ ಅಂತ ಮೊದಲೇ ತೆಗೆದುಕೊಳ್ಳುತ್ತೇವೆ, ಇದು ಮುಂಗಡ, ಈಗಲೇ ಕಟ್ ಆಗುತ್ತದೆ ಅಂತ ಗಿರಾಕಿಗೆ ಹೇಳಿಯೇ. ಉಳಿದದ್ದಕ್ಕೆ ಸೀರೆ ಮಗ್ಗದಿಂದ ಇಳಿದ ದಿನ ಫೋಟೋ ಹಾಕಿ ಲಿಂಕ್ ಕಳಿಸುತ್ತೇವೆ. ಗಿರಾಕಿ ಎರಡು ಸಲ ಓಟಿಪಿ ಕೊಡಬೇಕಾಗುತ್ತದೆ. ಆದರೆ ಹಣ ಯಾವಾಗ ಹೋಯಿತು, ಯಾಕೆ ಹೋಯಿತು ಅನ್ನುವುದರಲ್ಲಿ ಯಾರಿಗೂ ಗೊಂದಲ ಇರುವುದಿಲ್ಲ. ಮನೆಯಲ್ಲಿ ಸಿದ್ಧವಿರುವ, ಎರಡು ಮೂರು ದಿನದಲ್ಲಿ ಹೊರಡುವ ವಸ್ತುವಿಗೆ ಹೋಲ್ಡ್ ಒಳ್ಳೆಯದು.

ಡೆಬಿಟ್ ಕಾರ್ಡಿನವರ ಬಗ್ಗೆ ನನಗೆ ಇನ್ನೂ ಕಾಳಜಿ ಇದೆ. ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುವುದು ಬ್ಯಾಂಕಿನ ಸಾಲದ ಲಿಮಿಟ್. ಡೆಬಿಟ್ ಕಾರ್ಡಿನಲ್ಲಿ ಹಿಡಿಯುವುದು ಅವರ ತಿಂಗಳ ಖರ್ಚಿನ ಹಣವನ್ನೇ. ಖಾತೆಯಲ್ಲಿ ₹4,000 ಇದ್ದವರಿಗೆ ₹1,600 ಹಿಡಿದು ಒಂದು ವಾರ ಕೂರಿಸಿದರೆ ಮನೆಯ ಕರೆಂಟು ಬಿಲ್ಲು ನಿಲ್ಲಬಹುದು. ಅದಕ್ಕೆ ನಮ್ಮಲ್ಲಿ ಡೆಬಿಟ್ ಕಾರ್ಡಿನ ಆರ್ಡರ್ ಮೊದಲು ಕಟ್ಟುತ್ತೇವೆ. ವಸ್ತು ಇಲ್ಲ ಅಂತ ಗೊತ್ತಾದರೆ ಅವರ ಹೋಲ್ಡ್ ಅದೇ ಗಂಟೆಯಲ್ಲಿ ಬಿಡಿಸುತ್ತೇವೆ.

ಕೊನೆಗೆ ಒಬ್ಬ ಹುಡುಗ ಕೇಳಿದ. ತೂಕ ಹಾಕಿದಾಗ ಕೊರಿಯರ್ ₹150ರ ಬದಲು ₹210 ಆಯಿತು, ಹೆಚ್ಚಿನ ₹60 ಕ್ಯಾಪ್ಚರಿನಲ್ಲೇ ಸೇರಿಸಬಹುದಾ ಅಂತ. ಸೇರಿಸಲು ಆಗುವುದಿಲ್ಲ. ನಮ್ಮಂಥ ಅಂಗಡಿಗಳಿಗೆ ಹಿಡಿದ ಮೊತ್ತವೇ ಮೇಲ್ಮಿತಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಗೇಟ್‌ವೇ ತಿರಸ್ಕರಿಸುತ್ತದೆ. ಮೊದಲೇ ಸ್ವಲ್ಪ ಜಾಸ್ತಿ ಹಿಡಿದಿಡೋಣ ಅಂತ ಕೆಲವರು ಹೇಳುತ್ತಾರೆ. ನಾವು ಹಾಗೆ ಮಾಡುವುದಿಲ್ಲ, ಗಿರಾಕಿ ಒಪ್ಪಿದ್ದು ಪರದೆಯಲ್ಲಿ ಕಂಡ ಮೊತ್ತಕ್ಕೆ. ನಾವು ಮಾಡಿದ್ದು ಬೇರೆ. ಎಲ್ಲ ಬಾಟಲಿ, ಎಲ್ಲ ಕಟ್ಟನ್ನೂ ರಟ್ಟಿನ ಪೆಟ್ಟಿಗೆ ಸಮೇತ ಒಂದು ಸಲ ತೂಕ ಹಾಕಿ ವೆಬ್‌ಸೈಟಿಗೆ ಹಾಕಿದೆವು. ಈಗ ಕೊರಿಯರ್ ಹಣ ಗಿರಾಕಿ ಬಟನ್ ಒತ್ತುವ ಮೊದಲೇ ಸರಿಯಾಗಿ ಬರುತ್ತದೆ. ಐದೋ ಹತ್ತೋ ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ನಾವೇ ಹಾಕಿಕೊಳ್ಳುತ್ತೇವೆ.